ವೇಗವೊಂದೇ ಸಾಲದು: ಗಿಟಾರ್ ಸೋಲೊ ನೆನಪಿನಲ್ಲಿ ಉಳಿಯುವುದು ಹೇಗೆ?

ಬೆಂಗಳೂರು: ನಗರದ ಒಂದು ಗಿಟಾರ್ ತರಗತಿ, ಸಂಜೆ ಆರೂವರೆಯ ಸಮಯ. ಹದಿನೇಳರ ಹರೆಯದ ವಿದ್ಯಾರ್ಥಿಯೊಬ್ಬ ಕುರ್ಚಿಯ ಅಂಚಿನಲ್ಲಿ ಕುಳಿತು, ಸೆಕೆಂಡಿಗೆ ಹತ್ತು ಹನ್ನೆರಡು ಸ್ವರಗಳು ಉದುರುವಷ್ಟು ವೇಗದಲ್ಲಿ ಒಂದು ಸೋಲೊ ನುಡಿಸಿ ತಲೆಯೆತ್ತಿದ. ಬೆರಳುಗಳ ಕೆಲಸದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ಶಿಕ್ಷಕರು, 'ಚೆನ್ನಾಗಿದೆಯಪ್ಪ. ಈಗ ನುಡಿಸಿದೆಯಲ್ಲ, ಅದನ್ನೇ ಬಾಯಲ್ಲಿ ಹಾಡಿ ತೋರಿಸು' ಎಂದರು. ಹುಡುಗ ನಕ್ಕ. ಹಾಡಲು ಆಗಲಿಲ್ಲ. ಕೋಣೆಯಲ್ಲಿದ್ದ ಉಳಿದವರಿಗೂ ಆಗಲಿಲ್ಲ. ಆದರೆ ಪಿಂಕ್ ಫ್ಲಾಯ್ಡ್ ತಂಡದ 'ಕಂಫರ್ಟಬ್ಲಿ ನಂಬ್' ಹಾಡಿನ ಸೋಲೊ ಹೇಗೆ ಶುರುವಾಗುತ್ತದೆ ಎಂದು ಕೇಳಿದಾಗ, ಐವರಲ್ಲಿ ನಾಲ್ವರು ಗುನುಗಿದರು.

ಎರಡರ ನಡುವಿನ ಈ ವ್ಯತ್ಯಾಸವನ್ನು 'ಭಾವ', 'ಆತ್ಮ' ಮೊದಲಾದ ಪದಗಳಲ್ಲಿ ಹೇಳಿ ಮುಗಿಸುವುದು ರೂಢಿ. ಆ ಪದಗಳು ಸುಳ್ಳಲ್ಲವಾದರೂ ಕಲಿಯುವವನಿಗಾಗಲೀ ಕೇಳುವವನಿಗಾಗಲೀ ಅವುಗಳಿಂದ ಹೆಚ್ಚು ಪ್ರಯೋಜನವಿಲ್ಲ. ಸೋಲೊ ನೆನಪಿನಲ್ಲಿ ಉಳಿಯುವುದಕ್ಕೆ ಇರುವ ಕಾರಣಗಳಲ್ಲಿ ಬಹುಪಾಲು ಎಣಿಸಿ, ಅಳೆದು ತೋರಿಸಬಹುದಾದಂಥವು. ಯಾವ ಸ್ವರ ಯಾವ ಕಾರ್ಡಿನ ಮೇಲೆ ಬಂದು ನಿಲ್ಲುತ್ತದೆ, ತಂತಿಯನ್ನು ಎಷ್ಟು ಎಳೆಯಲಾಗುತ್ತದೆ, ಎಲ್ಲಿ ಸುಮ್ಮನಾಗುತ್ತಾರೆ ಎಂಬ ಮೂರು ಸಂಗತಿಗಳನ್ನು ಹಿಡಿದು ನೋಡಿದರೆ ಈ ವಿದ್ಯೆಯ ಗುಟ್ಟು ಸಾಕಷ್ಟು ಬಿಚ್ಚಿಕೊಳ್ಳುತ್ತದೆ.

ನೋಡಲು 'ಕಂಫರ್ಟಬ್ಲಿ ನಂಬ್' ಹಾಡೇ ಅನುಕೂಲ. 1979ರ ನವೆಂಬರ್ 30ರಂದು ಬಿಡುಗಡೆಯಾದ 'ದಿ ವಾಲ್' ಆಲ್ಬಮ್ಮಿನ ಈ ಹಾಡಿನಲ್ಲಿ ಡೇವಿಡ್ ಗಿಲ್ಮೋರ್ ನುಡಿಸಿರುವ ಸೋಲೊಗಳು ಎರಡು. ಮೊದಲನೆಯದು ಚಿಕ್ಕದು, ಡಿ ಮೇಜರ್‌ನಲ್ಲಿದೆ. ಎರಡನೆಯದು ಬಿ ಮೈನರ್‌ನಲ್ಲಿದ್ದು, ಹಾಡು ಮೆಲ್ಲಗೆ ಮರೆಯಾಗುವವರೆಗೆ ಸುಮಾರು ಎರಡು ನಿಮಿಷ ಸಾಗುತ್ತದೆ. ಹಾಡಿನ ನಡೆ ನಿಮಿಷಕ್ಕೆ ಸುಮಾರು 64 ಬಡಿತ, ಅಂದರೆ ವಿಶ್ರಾಂತಿಯಲ್ಲಿರುವ ಮನುಷ್ಯನ ಹೃದಯದ ಬಡಿತಕ್ಕೆ ಹತ್ತಿರ. ಎರಡನೆಯ ಸೋಲೊದ ಕೆಳಗೆ ಸುತ್ತುವ ಕಾರ್ಡುಗಳು ನಾಲ್ಕೇ: ಬಿ ಮೈನರ್, ಎ, ಜಿ, ಇ ಮೈನರ್. ಮತ್ತೆ ಬಿ ಮೈನರ್‌ಗೆ ಮರಳಿಕೆ. ಹಾಡಿನ ಚರಣಗಳಿಗೆ ಇದ್ದದ್ದೂ ಇವೇ ಕಾರ್ಡುಗಳು. ಕೇಳುಗನ ಕಿವಿಗೆ ದಾರಿ ಆಗಲೇ ಪರಿಚಿತವಾಗಿರುವುದರಿಂದ, ಆ ದಾರಿಯಲ್ಲಿ ಗಿಟಾರ್ ಎಲ್ಲಿ ತಿರುಗುತ್ತದೆ ಎಂಬುದರ ಕಡೆಗೇ ಗಮನ ಹರಿಯುತ್ತದೆ.

ಐದು ಸ್ವರಗಳ ಅಂಗಳ

ರಾಕ್ ಸೋಲೊಗಳ ಬಹುದೊಡ್ಡ ಪಾಲು ಮೈನರ್ ಪೆಂಟಟಾನಿಕ್ ಎಂಬ ಐದು ಸ್ವರಗಳ ಸ್ಕೇಲಿನಲ್ಲಿದೆ. ಬಿ ಮೈನರ್‌ನಲ್ಲಿ ಆ ಐದು ಸ್ವರಗಳು ಬಿ, ಡಿ, ಇ, ಎಫ್ ಶಾರ್ಪ್ ಮತ್ತು ಎ. ಬಿ ಯನ್ನು ಷಡ್ಜವೆಂದು ಇಟ್ಟುಕೊಂಡರೆ ಇವು ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದಗಳಾಗುತ್ತವೆ. ಕರ್ನಾಟಕ ಸಂಗೀತ ಬಲ್ಲವರು ಇದು ಶುದ್ಧ ಧನ್ಯಾಸಿಯ ಸ್ವರಗಳ ಗುಂಪು ಎಂದು ಕೂಡಲೇ ಹೇಳಿಯಾರು. ರಾಗಕ್ಕೂ ಸ್ಕೇಲಿಗೂ ಇರುವ ಅಂತರ ದೊಡ್ಡದು, ಅದು ಬೇರೆ ಮಾತು. ಸ್ವರಸ್ಥಾನಗಳಂತೂ ಅವೇ.

ಗಿಟಾರಿನ ಏಳನೆಯ ಫ್ರೆಟ್‌ನ ಬಳಿ ತೋರುಬೆರಳು ಇಟ್ಟರೆ, ಕೈಯನ್ನು ಹೆಚ್ಚು ಸರಿಸದೆ ಈ ಐದೂ ಸ್ವರಗಳು ಎರಡು ಸ್ಥಾಯಿಗಳಲ್ಲಿ ಬೆರಳಿಗೆ ಸಿಗುತ್ತವೆ. ಕಲಿಯುವವರು ಇದನ್ನು 'ಬಾಕ್ಸ್' ಎನ್ನುತ್ತಾರೆ. ಸುಲಭಕ್ಕೆ ಇರುವ ಈ ಅನುಕೂಲವೇ ಮುಂದೆ ತೊಡಕೂ ಆಗುತ್ತದೆ. ಸ್ಕೇಲಿನೊಳಗಿನ ಯಾವ ಸ್ವರವೂ ಕಿವಿಗೆ ಹೆಚ್ಚು ಕೆಟ್ಟದಾಗಿ ಕೇಳಿಸದ ಕಾರಣ, ಬೆರಳು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓಡುತ್ತಲೇ ಇರುತ್ತದೆ. ಕೇಳುಗನಿಗೆ ಸ್ಕೇಲು ಕೇಳಿಸುತ್ತದೆ, ರಾಗ ಕೇಳಿಸುವುದಿಲ್ಲ.

ಇಲ್ಲಿ ಗಮನಿಸಬೇಕಾದದ್ದು, ಸ್ವರ ಒಂದೇ ಆದರೂ ಅದರ ಅರ್ಥ ಕೆಳಗಿನ ಕಾರ್ಡಿನಿಂದ ನಿರ್ಧಾರವಾಗುತ್ತದೆ ಎಂಬುದು. ಬಿ ಸ್ವರವನ್ನೇ ತೆಗೆದುಕೊಳ್ಳಿ. ಬಿ ಮೈನರ್ ಕಾರ್ಡಿನ ಮೇಲೆ ಅದು ಮೂಲಸ್ವರ, ಮನೆಗೆ ಬಂದಂತೆ. ಅದೇ ಬಿ ಯನ್ನು ಹಿಡಿದಿಟ್ಟುಕೊಂಡಿರುವಾಗ ಕೆಳಗೆ ಎ ಕಾರ್ಡು ಬಂದರೆ, ಆ ಕಾರ್ಡಿಗೆ ಸೇರದ ಸ್ವರವಾಗಿ ತೂಗುಯ್ಯಾಲೆಯಲ್ಲಿ ನಿಲ್ಲುತ್ತದೆ. ಜಿ ಕಾರ್ಡು ಬಂದಾಗ ಅದು ಆ ಕಾರ್ಡಿನ ಮೂರನೆಯ ಸ್ವರವಾಗಿ ಸಿಹಿಯಾಗುತ್ತದೆ. ಇ ಮೈನರ್ ಮೇಲೆ ಐದನೆಯ ಸ್ವರವಾಗಿ ಗಟ್ಟಿಯಾಗುತ್ತದೆ. ವಾದಕ ಒಂದೇ ಒಂದು ಬೆರಳನ್ನೂ ಅಲುಗಿಸದೆ ನಾಲ್ಕು ಬಣ್ಣಗಳನ್ನು ಪಡೆದ ಹಾಗಾಯಿತು. ಸೆಕೆಂಡಿಗೆ ಹನ್ನೆರಡು ಸ್ವರ ನುಡಿಸುವವನಿಗೆ ಈ ಲಾಭವಿಲ್ಲ. ಯಾವ ಸ್ವರವೂ ತನ್ನ ಬಣ್ಣ ತೋರಿಸುವಷ್ಟು ಹೊತ್ತು ಅಲ್ಲಿ ನಿಲ್ಲುವುದೇ ಇಲ್ಲ.

ಐದು ಸ್ವರಗಳಿಗೆ ಸಿ ಶಾರ್ಪ್ ಮತ್ತು ಜಿ ಸೇರಿಸಿದರೆ ಪೂರ್ಣ ಬಿ ಮೈನರ್ ಸ್ಕೇಲು ಸಿಗುತ್ತದೆ, ನಮ್ಮ ನಠಭೈರವಿಯ ಸ್ವರಗಳು. ಎ ಕಾರ್ಡಿನ ಮೂರನೆಯ ಸ್ವರ ಸಿ ಶಾರ್ಪ್. ಅದು ಪೆಂಟಟಾನಿಕ್ ಬಾಕ್ಸಿನಲ್ಲಿ ಇಲ್ಲ. ಕಾರ್ಡು ಎ ಗೆ ತಿರುಗಿದ ಗಳಿಗೆಯಲ್ಲಿ ಸರಿಯಾಗಿ ಅದನ್ನು ಮುಟ್ಟಿದರೆ, ಸೋಲೊ ಹಾಡಿನ ಮೇಲೆ ಅಂಟಿಸಿದ್ದಲ್ಲ, ಹಾಡಿನ ಒಳಗಿನಿಂದಲೇ ಬಂದದ್ದು ಎಂಬಂತೆ ಕೇಳಿಸುತ್ತದೆ.

ಇದಕ್ಕೆ ವಿರುದ್ಧವಾದ ತಪ್ಪು ಹೇಗೆ ಕೇಳಿಸುತ್ತದೆ ಎಂಬುದಕ್ಕೆ ಈಗಲ್ಸ್ ತಂಡದ 'ಹೋಟೆಲ್ ಕ್ಯಾಲಿಫೋರ್ನಿಯಾ' ಒಳ್ಳೆಯ ಪರೀಕ್ಷೆ. 1976ರ ಡಿಸೆಂಬರ್‌ನಲ್ಲಿ ಬಂದ ಆ ಆಲ್ಬಮ್ಮಿನ ಈ ಹಾಡೂ ಬಿ ಮೈನರ್‌ನಲ್ಲಿಯೇ ಇದೆ. ಆದರೆ ಎರಡನೆಯ ಕಾರ್ಡೇ ಎಫ್ ಶಾರ್ಪ್ ಮೇಜರ್. ಅದರೊಳಗೆ ಎ ಶಾರ್ಪ್ ಇದೆ. ಪೆಂಟಟಾನಿಕ್‌ನಲ್ಲಿರುವುದು ಬರೀ ಎ. ಬಾಕ್ಸನ್ನು ನಂಬಿಕೊಂಡು ಆ ಕಾರ್ಡಿನ ಮೇಲೆ ಎ ಸ್ವರವನ್ನು ಹಿಡಿದು ನಿಂತರೆ ಎರಡೂ ಒಂದಕ್ಕೊಂದು ಉಜ್ಜುತ್ತವೆ. ಕಾಲೇಜು ಉತ್ಸವಗಳಲ್ಲಿ ಈ ಹಾಡು ಕೇಳಿದವರಿಗೆ ಆ ಜಾಗ ಗೊತ್ತಿರುತ್ತದೆ, ಕಾರಣ ಗೊತ್ತಿರಲಿಕ್ಕಿಲ್ಲ. ಮೂಲ ಹಾಡಿನಲ್ಲಿ ಡಾನ್ ಫೆಲ್ಡರ್ ಮತ್ತು ಜೋ ವಾಲ್ಶ್ ಕೊನೆಯ ಭಾಗದಲ್ಲಿ ಮಾಡಿರುವುದು ಬಹಳ ಸರಳ ಕೆಲಸ. ಕಾರ್ಡು ಬದಲಾದಂತೆಲ್ಲ ಆಯಾ ಕಾರ್ಡಿನ ಸ್ವರಗಳನ್ನೇ ಬಿಡಿಸಿ, ಎರಡು ಗಿಟಾರುಗಳಲ್ಲಿ ಜೊತೆಜೊತೆಯಾಗಿ ಇಳಿಸುತ್ತಾರೆ. ಅದರಲ್ಲಿ ಸ್ವರಗಳೇನೂ ಕಡಿಮೆಯಿಲ್ಲ, ಆದರೂ ಜನ ಅದನ್ನು ಗುನುಗುತ್ತಾರೆ.

ಎಳೆತದ ಲೆಕ್ಕ

ರಾಕ್ ಗಿಟಾರನ್ನು ಪಿಯಾನೊದಿಂದ ಬೇರೆಯಾಗಿಸುವುದು ಬೆಂಡ್. ಫ್ರೆಟ್‌ನ ಮೇಲೆ ಒತ್ತಿದ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರವನ್ನು ಏರಿಸುವ ಕ್ರಮ ಇದು. ವೀಣೆ ನೋಡಿರುವ ನಮಗೆ ಹೊಸದೇನೂ ಅಲ್ಲ. ವೈಣಿಕರು ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಎಳೆದು ಮುಂದಿನ ಸ್ವರಗಳನ್ನು ಮುಟ್ಟುವಾಗ ನಡೆಯುವುದೂ ಇದೇ ಭೌತಿಕ ಕ್ರಿಯೆ. ಹೊರಟ ಸ್ವರ, ಮುಟ್ಟಬೇಕಾದ ಸ್ವರ, ನಡುವಿನ ಹಾದಿ, ಈ ಮೂರರ ಮೇಲೂ ಹಿಡಿತವಿಲ್ಲದಿದ್ದರೆ ಎರಡೂ ವಾದ್ಯಗಳು ಒಂದೇ ರೀತಿ ಅಪಶ್ರುತಿ ನುಡಿಯುತ್ತವೆ.

ಮೂರನೆಯ ತಂತಿಯ ಒಂಬತ್ತನೆಯ ಫ್ರೆಟ್ ಒತ್ತಿದರೆ ಸಿಗುವುದು ಇ ಸ್ವರ, ಸೆಕೆಂಡಿಗೆ ಸುಮಾರು 330 ಕಂಪನ. ಅದನ್ನು ಒಂದು ಪೂರ್ಣ ಸ್ವರದಷ್ಟು ಏರಿಸಿ ಎಫ್ ಶಾರ್ಪ್ ಮಾಡಬೇಕಾದರೆ ಕಂಪನ 370ಕ್ಕೆ ಮುಟ್ಟಬೇಕು. ಏರಿಕೆ ಶೇಕಡಾ 12ರಷ್ಟು. ಆದರೆ ಕಂಪನವು ತಂತಿಯ ಬಿಗಿತದ ವರ್ಗಮೂಲವನ್ನು ಅನುಸರಿಸುವುದರಿಂದ, ಬಿಗಿತ ಏರಬೇಕಾದದ್ದು ಶೇಕಡಾ 26ರಷ್ಟು. ಒಂದೂವರೆ ಸ್ವರ ಏರಿಸಬೇಕಾದರೆ ಶೇಕಡಾ 41, ಎರಡು ಸ್ವರಕ್ಕೆ ಶೇಕಡಾ 59ರಷ್ಟು ಹೆಚ್ಚು ಬಿಗಿತ ಬೇಕು. ಎಳೆಯುತ್ತ ಹೋದಂತೆ ಬೆರಳಿಗೆ ತಂತಿ ಎದುರುತ್ತರ ಕೊಡುವುದು ಹೆಚ್ಚುತ್ತದೆ. ಹೊಸಬರ ಬೆಂಡು ಸದಾ ಗುರಿಗಿಂತ ಸ್ವಲ್ಪ ಕೆಳಗೇ ನಿಲ್ಲುವುದಕ್ಕೆ ಕಾರಣ ಇದು. ಕಿವಿ ಕೆಟ್ಟಿದೆ ಎಂದಲ್ಲ, ಬೆರಳು ಸೋಲುತ್ತದೆ.

ಒಂದೇ ಬೆರಳಿನ ಬಲದಿಂದ ಎಳೆಯುವವರಿಗೆ ಈ ಸೋಲು ಖಚಿತ. ಅನುಭವಿಗಳು ಉಂಗುರಬೆರಳಿನಿಂದ ಸ್ವರ ಒತ್ತಿ, ಅದರ ಹಿಂದೆ ನಡುಬೆರಳು ಮತ್ತು ತೋರುಬೆರಳನ್ನೂ ಅದೇ ತಂತಿಯ ಮೇಲೆ ಆಸರೆಗೆ ಇಡುತ್ತಾರೆ. ಹೆಬ್ಬೆರಳು ಗಿಟಾರಿನ ಕತ್ತಿನ ಮೇಲಂಚನ್ನು ಹಿಡಿದಿರುತ್ತದೆ. ಬೆರಳುಗಳು ಮಡಚಿ ಬಿಚ್ಚುವುದಿಲ್ಲ. ಬಾಗಿಲ ಹಿಡಿ ತಿರುಗಿಸುವಂತೆ ಮುಂಗೈ ತಿರುಗುತ್ತದೆ. ತಂತಿ ಮೇಲಕ್ಕೆ ಹೋಗುವಾಗ ಪಕ್ಕದ ತಂತಿಗೆ ತಗುಲಿ ಅದೂ ನುಡಿಯುವ ಸಂಭವವಿದೆ. ತೋರುಬೆರಳಿನ ತುದಿ ಮತ್ತು ಬಲಗೈಯ ಅಂಗೈ ಆ ತಂತಿಗಳನ್ನು ಸುಮ್ಮನಿರಿಸಬೇಕು. ಧ್ವನಿಮುದ್ರಿಕೆಯಲ್ಲಿ ಕೇಳುವ ಶುದ್ಧವಾದ ಒಂದು ಬೆಂಡಿನ ಹಿಂದೆ ಇಷ್ಟೊಂದು ಮೌನದ ವ್ಯವಸ್ಥೆ ಇರುತ್ತದೆ.

ಸರಿಯಾಗಿ ಮುಟ್ಟಿತೇ ಇಲ್ಲವೇ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಎರಡನೆಯ ತಂತಿಯ ಏಳನೆಯ ಫ್ರೆಟ್‌ನಲ್ಲಿ ಇರುವುದೂ ಅದೇ ಎಫ್ ಶಾರ್ಪ್. ಅದನ್ನೂ ಎಳೆದ ಮೂರನೆಯ ತಂತಿಯನ್ನೂ ಒಟ್ಟಿಗೆ ಮೀಟಿದರೆ, ಬೆಂಡು ನಿಖರವಾಗಿದ್ದಾಗ ಎರಡು ನಾದಗಳು ಒಂದಾಗಿ ಸ್ಥಿರವಾಗುತ್ತವೆ. ಅರ್ಧ ಸ್ವರದ ಐದನೆಯ ಒಂದು ಪಾಲಿನಷ್ಟು ಕಡಿಮೆಯಾದರೂ ಸೆಕೆಂಡಿಗೆ ನಾಲ್ಕು ಬಾರಿ ಅಲೆ ಎದ್ದಂತೆ ನಾದ ತೂಗಾಡುತ್ತದೆ. ತಂಬೂರಿ ಶ್ರುತಿ ಮಾಡುವವರು ಕೇಳುವುದೂ ಈ ಅಲೆಯನ್ನೇ. ವೇಗದ ಓಟದಲ್ಲಿ ಇಷ್ಟು ಸಣ್ಣ ತಪ್ಪು ಯಾರಿಗೂ ಕೇಳಿಸುವುದಿಲ್ಲ. ಎರಡು ಸೆಕೆಂಡು ಹಿಡಿದು ನಿಂತ ಸ್ವರದಲ್ಲಿ ಅದು ಸಂಗೀತ ಗೊತ್ತಿಲ್ಲದವರಿಗೂ ಮುಜುಗರ ಉಂಟುಮಾಡುತ್ತದೆ. ನಿಧಾನವಾಗಿ ನುಡಿಸುವುದು ಸುಲಭ ಎನ್ನುವವರು ಈ ಪ್ರಯೋಗವನ್ನು ಒಮ್ಮೆ ಮಾಡಿ ನೋಡಬಹುದು.

ನಿಖರತೆಯಷ್ಟೇ ಮುಖ್ಯ, ಬೆಂಡು ಯಾವಾಗ ಮುಟ್ಟುತ್ತದೆ ಎಂಬುದು. ಕೆಳಗೆ ಇ ಮೈನರ್ ಕಾರ್ಡು ಇದೆ ಎಂದಿಟ್ಟುಕೊಳ್ಳಿ. ವಾದಕ ಅದರ ಮೂಲಸ್ವರವಾದ ಇ ಯನ್ನು ಮೀಟಿ, ಆತುರವಿಲ್ಲದೆ ಎಳೆಯತೊಡಗುತ್ತಾನೆ. ಸ್ವರ ಕಾರ್ಡಿನಿಂದ ಹೊರಗೆ ಜಾರುತ್ತದೆ. ಕೇಳುಗನಿಗೆ ಏನೋ ಬಾಕಿ ಉಳಿದಂತೆ ಅನಿಸುತ್ತದೆ. ಕಾರ್ಡು ಬಿ ಮೈನರ್‌ಗೆ ಮರಳುವ ಗಳಿಗೆಗೆ ಸರಿಯಾಗಿ ಬೆಂಡು ಎಫ್ ಶಾರ್ಪ್ ಮುಟ್ಟಿದರೆ, ಆ ಸ್ವರ ಹೊಸ ಕಾರ್ಡಿನ ಪಂಚಮವಾಗಿ ನೆಲೆ ನಿಲ್ಲುತ್ತದೆ. ಹಾದಿಯುದ್ದಕ್ಕೂ ಇದ್ದ ಕಾತರ ಒಮ್ಮೆಲೇ ಇಳಿಯುತ್ತದೆ. ಒಂದೇ ಮೀಟು, ಒಂದೇ ತಂತಿ. ಆದರೂ ಒಂದು ಸಣ್ಣ ಕಥೆ ನಡೆದುಹೋಗಿರುತ್ತದೆ. ಅರ್ಧ ಬಡಿತ ಮೊದಲೇ ಮುಟ್ಟಿಬಿಟ್ಟರೆ ಇದೇ ಬೆಂಡಿಗೆ ಆ ಪರಿಣಾಮವಿಲ್ಲ.

ಬೆಂಡಿನ ತುದಿಯಲ್ಲಿ ಬರುವ ಕಂಪಿತಕ್ಕೂ, ಅಂದರೆ ವೈಬ್ರಾಟೊಗೂ, ಒಂದು ಶಿಸ್ತು ಇದೆ. ಎಳೆದು ಹಿಡಿದ ತಂತಿಯನ್ನು ಸ್ವಲ್ಪ ಸಡಿಲಿಸಿ ಮತ್ತೆ ಅದೇ ಎತ್ತರಕ್ಕೆ ತರಬೇಕು. ಪ್ರತಿ ಸಲವೂ ಮೇಲಿನ ಅಂಚು ಒಂದೇ ಜಾಗಕ್ಕೆ ಬರಬೇಕು, ಅಲುಗಾಟದ ಲಯ ಹಾಡಿನ ನಡೆಗೆ ಹೊಂದಬೇಕು. ಮೊದಲು ಸ್ವರವನ್ನು ನೇರವಾಗಿ ನಿಲ್ಲಿಸಿ, ಬಳಿಕ ನಿಧಾನವಾಗಿ ಕಂಪಿತ ಆರಂಭಿಸಿದರೆ ಅದು ಗಾಯಕರ ಕಂಠದಂತೆ ಕೇಳಿಸುತ್ತದೆ. ಮೀಟಿದ ಕೂಡಲೇ ನಡುಗುವ ಸ್ವರ ಚಳಿ ಹಿಡಿದಂತೆ ಕೇಳಿಸುತ್ತದೆ.

ಇಲ್ಲಿ ವಾದ್ಯದ ಪಾತ್ರವೂ ಸ್ವಲ್ಪ ಇದೆ. ಗಿಟಾರ್ ತಂತಿಯ ನಾದ ಸಹಜವಾಗಿ ಬೇಗ ಅಡಗುತ್ತದೆ. ಗಿಲ್ಮೋರ್ ಆ ದಿನಗಳಲ್ಲಿ ಬಳಸುತ್ತಿದ್ದ ಬಿಗ್ ಮಫ್ ಎಂಬ ಫಝ್ ಪೆಡಲ್ ನಾದದ ಏರಿಳಿತವನ್ನು ಒತ್ತಿ ಸಮಮಾಡಿ, ಸ್ವರ ಬಹಳ ಹೊತ್ತು ಉಳಿಯುವಂತೆ ಮಾಡುತ್ತದೆ. ಆ ಉಳಿಕೆ ಇಲ್ಲದಿದ್ದರೆ ನಿಧಾನದ ಬೆಂಡು ಗುರಿ ಮುಟ್ಟುವ ಮೊದಲೇ ಸತ್ತುಹೋಗುತ್ತದೆ. ಅವರ ಕಪ್ಪು ಬಣ್ಣದ ಸ್ಟ್ರಾಟೊಕಾಸ್ಟರ್ ಗಿಟಾರು 2019ರ ಜೂನ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ 39.75 ಲಕ್ಷ ಡಾಲರಿಗೆ ಮಾರಾಟವಾಯಿತು. ಕೊಂಡವರ ಕೈಯಲ್ಲಿ ಅದು ಹೇಗೆ ನುಡಿಯುತ್ತದೋ ತಿಳಿಯದು. ಗಿಟಾರಿನ ಜೊತೆ ಬೆಂಡು ಬರುವುದಿಲ್ಲ ಎಂಬುದಂತೂ ನಿಜ.

ವಾಕ್ಯ, ಉಸಿರು, ಮರುಮಾತು

ಫ್ರೇಸಿಂಗ್ ಎಂದರೆ ಸ್ವರಗಳನ್ನು ವಾಕ್ಯಗಳಾಗಿ ಕಟ್ಟುವ ಕ್ರಮ. ಗಾಯಕನಿಗೆ ಉಸಿರು ಮುಗಿಯುತ್ತದೆ, ಆದ್ದರಿಂದ ವಾಕ್ಯವೂ ಮುಗಿಯುತ್ತದೆ. ಗಿಟಾರ್ ವಾದಕನಿಗೆ ಆ ನಿರ್ಬಂಧವಿಲ್ಲ. ಬೆರಳು ಸೋಲುವವರೆಗೂ ನುಡಿಸಬಹುದು. ವೇಗದ ಸೋಲೊಗಳಲ್ಲಿ ಬಹಳಷ್ಟು ಮರೆತುಹೋಗುವುದು ಈ ಸ್ವಾತಂತ್ರ್ಯದ ಕಾರಣದಿಂದಲೇ. ಎಲ್ಲಿ ಒಂದು ಮಾತು ಮುಗಿದು ಇನ್ನೊಂದು ಆರಂಭವಾಯಿತು ಎಂಬ ಗುರುತು ಸಿಗದಿದ್ದರೆ, ಕಿವಿ ಏನನ್ನೂ ತುಂಡುಮಾಡಿ ನೆನಪಿನಲ್ಲಿ ಇಟ್ಟುಕೊಳ್ಳಲಾರದು. ಫೋನ್ ಸಂಖ್ಯೆಯನ್ನು ಒಂದೇ ಉಸಿರಿನಲ್ಲಿ ಹೇಳಿದರೆ ಬರೆದುಕೊಳ್ಳಲು ಆಗದ ಹಾಗೆ.

ಒಂದು ಉದಾಹರಣೆ ಕಟ್ಟಿ ನೋಡೋಣ. ಇದು ಯಾವ ಹಾಡಿನದೂ ಅಲ್ಲ, ತರಗತಿಯಲ್ಲಿ ಶಿಕ್ಷಕರು ಬೋರ್ಡಿನ ಮೇಲೆ ಬರೆದದ್ದು. ನಡೆ ಅದೇ, ನಿಮಿಷಕ್ಕೆ 64. ಮೊದಲ ಬಡಿತದಲ್ಲಿ ಏನೂ ನುಡಿಸುವುದಿಲ್ಲ. ಎರಡನೆಯ ಬಡಿತದಲ್ಲಿ ಮೂರನೆಯ ತಂತಿಯ ಏಳನೆಯ ಫ್ರೆಟ್‌ನ ಡಿ, ಅದರ ಹಿಂದೆಯೇ ಒಂಬತ್ತನೆಯ ಫ್ರೆಟ್‌ನ ಇ. ಆ ಇ ಯನ್ನು ಎಫ್ ಶಾರ್ಪ್‌ಗೆ ಎಳೆದು ಉಳಿದ ಎರಡು ಬಡಿತ ಹಿಡಿಯುವುದು. ಇದು ಪ್ರಶ್ನೆ. ಬಿ ಮೈನರ್‌ನಲ್ಲಿ ಎಫ್ ಶಾರ್ಪ್ ಮನೆಯಲ್ಲ, ಜಗುಲಿ.

ಮುಂದಿನ ನಾಲ್ಕು ಬಡಿತಗಳಲ್ಲಿ ಆರಂಭ ಅದೇ: ಒಂದು ಬಡಿತ ಮೌನ, ಬಳಿಕ ಡಿ, ಇ, ಎಳೆತ. ಆದರೆ ಈ ಸಲ ಎಳೆದದ್ದನ್ನು ಹಿಡಿಯದೆ ಸಡಿಲಿಸಿ ಇ ಗೆ, ಅಲ್ಲಿಂದ ಡಿ ಗೆ, ಕೊನೆಗೆ ನಾಲ್ಕನೆಯ ತಂತಿಯ ಒಂಬತ್ತನೆಯ ಫ್ರೆಟ್‌ನ ಬಿ ಗೆ ಇಳಿಯುವುದು. ಇದು ಉತ್ತರ. ಎರಡೂ ಸೇರಿ ಎಂಟು ಬಡಿತ, ಏಳೂವರೆ ಸೆಕೆಂಡು, ಹತ್ತರೊಳಗಿನ ಸ್ವರಗಳು. ಲೇಖನದ ಆರಂಭದಲ್ಲಿ ಬಂದ ಹುಡುಗ ಅಷ್ಟೇ ಸಮಯದಲ್ಲಿ ಸುಮಾರು ತೊಂಬತ್ತು ಸ್ವರ ನುಡಿಸಿರುತ್ತಾನೆ.

ಮೂರನೆಯ ಬಾರಿ ಅದೇ ಮೌನ, ಅದೇ ಲಯ. ಕೇಳುಗ ಈಗ ಏನು ಬರುತ್ತದೆಂದು ಬಲ್ಲ. ಅದು ಬರುವ ಜಾಗದಲ್ಲಿ ವಾದಕ ಒಂದು ತಂತಿ ಮೇಲೆ ಹಾರಿ, ಎರಡನೆಯ ತಂತಿಯ ಹತ್ತನೆಯ ಫ್ರೆಟ್‌ನ ಎ ಯನ್ನು ಮೇಲಿನ ಬಿ ಗೆ ಎಳೆಯುತ್ತಾನೆ. ಕೆಳಗಿನ ಬಿ ಯಲ್ಲಿ ಮುಗಿದಿದ್ದ ಮಾತು ಒಂದು ಸ್ಥಾಯಿ ಮೇಲೆ ಕೂಗಾಗುತ್ತದೆ. ಈ ಕೂಗು ಕೂಗಾಗಿ ಕೇಳಿಸುವುದು ಅದಕ್ಕೆ ಮೊದಲು ಎರಡು ಸಲ ಮಾತು ಬೇರೆ ರೀತಿ ಮುಗಿದಿದ್ದರಿಂದ. ಸೋಲೊವನ್ನು ಅಲ್ಲಿಂದಲೇ ಆರಂಭಿಸಿದ್ದರೆ ಅದು ಬರೀ ಎತ್ತರದ ಸ್ವರವಾಗುತ್ತಿತ್ತು.

ಗಮನಿಸಿದರೆ ಮೂರೂ ಸಲ ವಾಕ್ಯ ಆರಂಭವಾದದ್ದು ಮೊದಲ ಬಡಿತದಲ್ಲಲ್ಲ. ಅಲ್ಲಿ ಡ್ರಮ್ಮು, ಬೇಸು ಇವೆ. ಅವು ನುಡಿದ ಮೇಲೆ ಗಿಟಾರು ಬರುವುದರಿಂದ ಅದರ ಮಾತು ತಂಡದ ಮಾತಿಗೆ ಉತ್ತರದಂತಿರುತ್ತದೆ. ಪ್ರತಿ ಸಾಲನ್ನೂ ಮೊದಲ ಬಡಿತದಿಂದಲೇ ಆರಂಭಿಸುವುದು ಕಲಿಯುವವರ ಬಹು ಸಾಮಾನ್ಯ ದೋಷ. ಕೇಳುವವರಿಗೆ ಅದು ದೋಷವೆಂದು ಗೊತ್ತಾಗುವುದಿಲ್ಲ, ಬೇಸರವಾಗಿ ಮಾತ್ರ ತಿಳಿಯುತ್ತದೆ.

ವೇಗಕ್ಕೆ ಇಲ್ಲಿ ಜಾಗವೇ ಇಲ್ಲವೆಂದು ತಿಳಿಯಬಾರದು. 'ಕಂಫರ್ಟಬ್ಲಿ ನಂಬ್' ಸೋಲೊದಲ್ಲಿಯೂ ತ್ವರಿತವಾದ ಓಟಗಳಿವೆ. ಅವು ಒಂದು ಹಿಡಿದ ಸ್ವರದಿಂದ ಇನ್ನೊಂದಕ್ಕೆ ಒಯ್ಯುವ ಮೆಟ್ಟಿಲುಗಳಂತೆ ಬರುತ್ತವೆ. ಎಡ್ಡಿ ವ್ಯಾನ್ ಹೇಲನ್ 1977ರಲ್ಲಿ ಮುದ್ರಿಸಿದ 'ಇರಪ್ಷನ್' ಬಹುತೇಕ ವೇಗದಿಂದಲೇ ಆದದ್ದು, ಆದರೂ ಅದನ್ನು ಮರೆತವರಿಲ್ಲ. ಅದರಲ್ಲಿ ಭಾಗಗಳು ಸ್ಪಷ್ಟವಾಗಿವೆ. ಒಂದು ಬಗೆಯ ನಾದ ಸಾಕೆನಿಸುವ ಹೊತ್ತಿಗೆ ಇನ್ನೊಂದು ಬರುತ್ತದೆ, ಎರಡೂ ಕೈಗಳಿಂದ ಫ್ರೆಟ್‌ಗಳನ್ನು ತಟ್ಟುವ ಕೊನೆಯ ಭಾಗವು ಹಾಡಬಹುದಾದ ಕಾರ್ಡುಗಳ ಸಾಲಿನಂತೆ ಸಾಗುತ್ತದೆ. ಹಾಗೆಯೇ ನಿಧಾನವಾಗಿರುವುದೆಲ್ಲ ಒಳ್ಳೆಯ ಸೋಲೊ ಎಂದೂ ಅಲ್ಲ. ಮೂರು ಸ್ವರಗಳನ್ನು ಮುಖ ಕಿವುಚಿಕೊಂಡು ಎಳೆಯುತ್ತ ಹತ್ತು ನಿಮಿಷ ಕಳೆಯುವವರೂ ನಮ್ಮ ಪಬ್ಬುಗಳಲ್ಲಿ ಇದ್ದಾರೆ.

ಟಿಕ್ಕು ಮತ್ತು ಕಾಟು

ಇಷ್ಟೆಲ್ಲ ಲೆಕ್ಕ ಹಾಕಿಕೊಂಡು ವಾದಕ ನುಡಿಸುತ್ತಾನೆಯೇ ಎಂಬ ಪ್ರಶ್ನೆ ಸಹಜ. ನುಡಿಸುವಾಗ ಇಲ್ಲ, ಆಮೇಲೆ ಹೌದು ಎನ್ನಬೇಕಾಗುತ್ತದೆ. ಗಿಲ್ಮೋರ್ ಅವರು 1993ರಲ್ಲಿ 'ಗಿಟಾರ್ ವರ್ಲ್ಡ್' ಪತ್ರಿಕೆಗೆ ನೀಡಿದ ಸಂದರ್ಶನದಲ್ಲಿ ಈ ಸೋಲೊ ಹುಟ್ಟಿದ ಬಗೆಯನ್ನು ವಿವರಿಸಿದ್ದಾರೆ. ಅವರು ಸ್ಟುಡಿಯೊದಲ್ಲಿ ಐದಾರು ಸೋಲೊಗಳನ್ನು ಒಂದಾದ ಮೇಲೊಂದರಂತೆ ನುಡಿಸಿ ಮುದ್ರಿಸಿದರು. ಬಳಿಕ ಒಂದೊಂದನ್ನೂ ಕೇಳುತ್ತ, ಕಾಗದದ ಮೇಲೆ ಹಾಡಿನ ಆವರ್ತಗಳನ್ನು ಗೆರೆ ಹಾಕಿ ಗುರುತಿಸಿ, ಚೆನ್ನಾಗಿ ಬಂದ ತುಣುಕಿಗೆ ಟಿಕ್ಕು, ಬೇಡವಾದುದಕ್ಕೆ ಕಾಟು ಹಾಕಿದರು. ಆಮೇಲೆ ಆ ಪಟ್ಟಿಯನ್ನು ನೋಡಿಕೊಂಡು ಮಿಕ್ಸಿಂಗ್ ಫಲಕದ ಒಂದು ಫೇಡರ್ ಇಳಿಸಿ ಇನ್ನೊಂದನ್ನು ಏರಿಸುತ್ತ, ತುಣುಕಿನಿಂದ ತುಣುಕಿಗೆ ಹಾರಿ ಅಖಂಡವಾದ ಒಂದು ಸೋಲೊ ಕಟ್ಟಿದರು.

ನಾವು ಒಂದೇ ಉಸಿರಿನ ಉದ್ಗಾರವೆಂದು ಕೇಳುವುದು, ಹೀಗೆ ಆಯ್ದು ಜೋಡಿಸಿದ ವಾಕ್ಯಗಳ ಸರಣಿ. ಇದರಿಂದ ಸೋಲೊದ ಬೆಲೆ ಕಡಿಮೆಯಾಯಿತೆಂದು ಕೆಲವರು ಬೇಸರಪಡಬಹುದು. ಈ ವರದಿಗಾರನಿಗೆ ಹಾಗೆ ಅನಿಸಿಲ್ಲ. ಕಾಟು ಹಾಕಿಸಿಕೊಂಡ ತುಣುಕುಗಳನ್ನು ನುಡಿಸಿದ್ದೂ ಅದೇ ಕೈ, ಅದೇ ದಿನಗಳಲ್ಲಿ. ಅವುಗಳನ್ನು ಕೈಬಿಡಲು ಬೇಕಾದದ್ದು ಕಿವಿ. ಅಷ್ಟೇ ಪ್ರಸಿದ್ಧವಾದ 'ಹೋಟೆಲ್ ಕ್ಯಾಲಿಫೋರ್ನಿಯಾ' ಸೋಲೊದ ಕಥೆಯೂ ಹೆಚ್ಚು ಬೇರೆಯಲ್ಲ. ಸ್ಟುಡಿಯೊದಲ್ಲಿ ತಾವು ಹೊಸದಾಗಿ ಏನಾದರೂ ನುಡಿಸಲು ಹೊರಟಾಗ, ಡಾನ್ ಹೆನ್ಲಿ ಅದನ್ನು ತಡೆದು ಮೊದಲ ಡೆಮೊ ಕ್ಯಾಸೆಟ್ಟಿನಲ್ಲಿ ಇದ್ದಂತೆಯೇ ಬೇಕೆಂದು ಪಟ್ಟು ಹಿಡಿದರೆಂದು ಫೆಲ್ಡರ್ ಹೇಳಿಕೊಂಡಿದ್ದಾರೆ. ಕ್ಯಾಸೆಟ್ಟು ಮನೆಯಲ್ಲಿತ್ತು. ಮನೆಗೆಲಸದವರಿಗೆ ಫೋನ್ ಮಾಡಿ, ಅದನ್ನು ಫೋನಿನ ಬಳಿ ಹಾಕಿಸಿ ಕೇಳಿ, ಸ್ವರ ಬಿಡದೆ ಮರಳಿ ಕಲಿಯಬೇಕಾಯಿತಂತೆ.

ಹೀಗೆ ಕಟ್ಟಿದ ಸೋಲೊಗೆ ಇನ್ನೊಂದು ಗುಣವಿದೆ. ಅದು ಬೇರೆಯವರ ಕೈಯಲ್ಲಿಯೂ ಗುರುತು ಸಿಗುತ್ತದೆ. ಪಿಂಕ್ ಫ್ಲಾಯ್ಡ್‌ನಿಂದ ಹೊರಬಂದಿದ್ದ ರೋಜರ್ ವಾಟರ್ಸ್ 2002ರಲ್ಲಿ ಬೆಂಗಳೂರಿನಲ್ಲಿ ಕಾರ್ಯಕ್ರಮ ನೀಡಿದಾಗ ಗಿಲ್ಮೋರ್ ಅವರ ತಂಡದಲ್ಲಿರಲಿಲ್ಲ. ಆ ಪ್ರವಾಸದುದ್ದಕ್ಕೂ ಗಿಲ್ಮೋರ್ ಅವರ ವಾಕ್ಯಗಳನ್ನು ನುಡಿಸಿದವರು ಇತರ ವಾದಕರು. ಇಂದು ಅಂತರ್ಜಾಲದಲ್ಲಿ ಈ ಸೋಲೊದ ಟ್ಯಾಬ್‌ಗಳು, ಅಂದರೆ ಯಾವ ತಂತಿ, ಯಾವ ಫ್ರೆಟ್ ಎಂದು ಸಂಖ್ಯೆಗಳಲ್ಲಿ ಬರೆದ ಪ್ರತಿಗಳು, ಬೇಕಾದಷ್ಟು ಸಿಗುತ್ತವೆ. ಎಷ್ಟು ಸ್ವರ ಎಳೆಯಬೇಕೆಂದು ಬಾಣದ ಗುರುತೂ ಇರುತ್ತದೆ. ಆ ಬಾಣ ಎಷ್ಟು ನಿಧಾನವಾಗಿ ಏರಬೇಕು, ತುದಿಯಲ್ಲಿ ಎಷ್ಟು ಹೊತ್ತು ನೇರವಾಗಿ ನಿಂತು ಬಳಿಕ ಕಂಪಿಸಬೇಕು ಎಂಬುದು ಟ್ಯಾಬ್‌ನಲ್ಲಿ ಇರುವುದಿಲ್ಲ. ಅದಕ್ಕೆ ಧ್ವನಿಮುದ್ರಿಕೆಯನ್ನೇ ಕೇಳಬೇಕು, ಹಾಡಬೇಕು, ಆಮೇಲೆ ಬೆರಳು.

ತರಗತಿಯಲ್ಲಿ ಆ ಹುಡುಗನಿಗೆ ಶಿಕ್ಷಕರು ಕೊಟ್ಟ ಕೆಲಸ ಚಿಕ್ಕದು. ಮೂರನೆಯ ತಂತಿಯ ಒಂಬತ್ತನೆಯ ಫ್ರೆಟ್ ಎಳೆಯಬೇಕು, ಎರಡನೆಯ ತಂತಿಯ ಏಳನೆಯದರ ಜೊತೆ ಕೂಡಿಸಬೇಕು, ಕೂಡಿದ ಮೇಲೆ ನಾಲ್ಕು ಬಡಿತ ಹಿಡಿಯಬೇಕು. ಹುಡುಗ ಎಳೆದ. ಎರಡು ನಾದಗಳ ನಡುವೆ ಅಲೆ ಎದ್ದು ತೂಗಾಡಿತು. ಮತ್ತೆ ಎಳೆದ. ಈ ಸಲ ಗುರಿ ದಾಟಿ ಮೇಲೆ ಹೋಯಿತು. ಮೂರನೆಯ ಸಲ ಅಲೆ ನಿಧಾನವಾಗುತ್ತ ಬಂದು, ಇನ್ನೇನು ನಿಂತೇಬಿಟ್ಟಿತು ಎನ್ನುವಷ್ಟರಲ್ಲಿ ಬೆರಳು ಜಾರಿತು.

'ಇನ್ನೂ ಒಂದು ಸಲ ಸರ್' ಎಂದು ಅವನೇ ಮತ್ತೆ ಕೈ ಇಟ್ಟ.